ಅಕ್ಕ ಎತ್ತಿದ ಕಬ್ಬಿಣ

ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತದೆ, ದಿನಾ ವಾಕಿಂಗ್ ಮಾಡಿ ಎನ್ನುತ್ತಾರೆ. ವಾಕಿಂಗ್ ಒಳ್ಳೆಯದೇ, ಆದರೆ ಮೂಳೆಗೆ ಅದು ಸಾಲದು. ಮೂಳೆ ಕೇಳುವುದು ಭಾರ. ಸ್ವಲ್ಪವೇ ಸಲ, ವಾರಕ್ಕೆ ಎರಡೇ ದಿನ, ಆದರೆ ಹಗುರವಲ್ಲದ ಭಾರ. ಅಕ್ಟೋಬರ್ 20ರ ವಿಶ್ವ ಆಸ್ಟಿಯೊಪೊರೋಸಿಸ್ ದಿನದ ನೆಪದಲ್ಲಿ, ಮಂಡಿ ನೋವಿನ ಒಬ್ಬ ಗೃಹಿಣಿ ಐದು ಕೆಜಿ ಅಕ್ಕಿಚೀಲದಿಂದ ನಲವತ್ತು ಕೆಜಿ ಕಬ್ಬಿಣಕ್ಕೆ ಬಂದ ಬಗೆ.

ಬೆಳಗಿನ ಐದೂವರೆ. ಶಿರಾ ಗೇಟ್‌ನಲ್ಲಿ ಬಸ್ಸಿನ ಹಾರ್ನು ಆಗಲೇ ಶುರುವಾಗಿದೆ. ಅಮಾನಿಕೆರೆ ಕಡೆ ವಾಕಿಂಗ್ ಹೊರಟವರು ಇಬ್ಬಿಬ್ಬರು, ಮೂವರಾಗಿ ಸಾಗುತ್ತಿದ್ದಾರೆ. ಸೀರೆಗೆ ಸ್ವೆಟರ್, ಸ್ವೆಟರಿಗೆ ಮಫ್ಲರ್, ಕಾಲಿಗೆ ಮಗ ಬಿಟ್ಟುಹೋದ ಸ್ಪೋರ್ಟ್ಸ್ ಶೂ. ಮುಖ್ಯರಸ್ತೆಯಿಂದ ಒಳಗೆ ಮೂರನೇ ತಿರುವಿನ ಮನೆಯೊಂದರ ಪೋರ್ಟಿಕೋದಲ್ಲಿ ಮಾತ್ರ ಲೈಟು ಉರಿಯುತ್ತಿದೆ. ಸ್ಕೂಟರನ್ನು ಹೊರಗೆ ತಳ್ಳಿ, ಆ ಜಾಗದಲ್ಲಿ ಎರಡೂ ಬದಿ ಸಿಮೆಂಟ್ ಇಟ್ಟಿಗೆ ಜೋಡಿಸಿ, ಅದರ ಮೇಲೆ ಒಂದು ಕಬ್ಬಿಣದ ರಾಡ್ ಇಡಲಾಗಿದೆ. ರಾಡಿನ ತುದಿಗಳಲ್ಲಿ ತಟ್ಟೆಗಳು. ಒಟ್ಟು ನಲವತ್ತು ಕೆಜಿ.

ನಮ್ಮಕ್ಕ ಚೂಡಿದಾರದ ವೇಲನ್ನು ಕಿಟಕಿ ಸರಳಿಗೆ ಕಟ್ಟಿ ಬಂದು ನಿಲ್ಲುತ್ತಾಳೆ. ಪಾದ ಸೊಂಟದಗಲಕ್ಕೆ. ಸೊಂಟವನ್ನು ಹಿಂದಕ್ಕೆ ಒತ್ತಿ ಬಾಗುತ್ತಾಳೆ, ಹಿಂದಿನ ಗೋಡೆಗೆ ಸೊಂಟ ತಾಕಿಸುವವಳ ಹಾಗೆ. ಬೆನ್ನು ಹಲಗೆಯಂತೆ ನೆಟ್ಟಗಿದೆ. ರಾಡ್ ಹಿಡಿದು, ಉಸಿರು ಬಿಡುತ್ತಾ ಎದ್ದು ನಿಲ್ಲುತ್ತಾಳೆ. ಇಳಿಸುತ್ತಾಳೆ. ಐದು ಸಲ. ಆಮೇಲೆ ಎರಡು ನಿಮಿಷ ಸುಮ್ಮನೆ ಕೂತು ಹಾಲಿನವನು ಬಂದನೇ ಎಂದು ನೋಡುತ್ತಾಳೆ.

ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು ಮೂವತ್ತು ಕೆಜಿ ತೂಗುತ್ತದೆ. ಅಕ್ಕನಿಗೆ ಐವತ್ತೈದು ವರ್ಷ.

ಎದುರು ಮನೆಯ ಅಮ್ಮ ಗೇಟಿನಾಚೆ ನಿಂತು ಹೇಳುವ ಮಾತು ಒಂದೂವರೆ ವರ್ಷದಿಂದ ಬದಲಾಗಿಲ್ಲ. "ಯಾಕವ್ವ ನಿಂಗೆ ಇದೆಲ್ಲ? ಗರ್ಭಕೋಶ ಜಾರ್ಕೊಂಡ್ರೆ ಏನ್ ಮಾಡ್ತೀಯ?"

ಆ ಪ್ರಶ್ನೆ ನಕ್ಕು ಬಿಡುವಂಥದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ರಂಗೋಲಿ ಹಾಕಲು ಹೋದವಳು

ಎರಡು ವರ್ಷದ ಹಿಂದಿನ ಧನುರ್ಮಾಸ. ಅಂಗಳಕ್ಕೆ ನೀರು ಹಾಕಿ, ರಂಗೋಲಿ ಡಬ್ಬಿ ಹಿಡಿದು ತಿರುಗಿದವಳು ಜಾರಿದಳು. ಬಲಗೈ ಊರಿದಳು. ಮಣಿಕಟ್ಟು ಮುರಿಯಿತು. ಬಿದ್ದದ್ದು ನಿಂತ ಎತ್ತರದಿಂದ, ಅಷ್ಟೇ. ಮೆಟ್ಟಿಲಿನಿಂದಲ್ಲ, ಸ್ಕೂಟರಿನಿಂದಲ್ಲ.

ಮನೆಯವರೆಲ್ಲ ಗ್ರಹಚಾರ ಎಂದರು. ಮೂಳೆ ಡಾಕ್ಟರು ಹಾಗೆನ್ನಲಿಲ್ಲ. ಐವತ್ತು ದಾಟಿದ ಹೆಂಗಸು ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಅದು ಮೂಳೆ ಕೊಡುವ ಮೊದಲ ನೋಟಿಸು. ಇದಾದ ಹತ್ತಿಪ್ಪತ್ತು ವರ್ಷಕ್ಕೆ ಬರುವುದು ಸೊಂಟದ ನೋಟಿಸು, ಅಥವಾ ಬೆನ್ನುಮೂಳೆಯದು. ಪ್ಲಾಸ್ಟರ್ ಬಿಚ್ಚಿದ ಮೇಲೆ ಡೆಕ್ಸಾ ಸ್ಕ್ಯಾನಿಗೆ ಬರೆದುಕೊಟ್ಟರು.

ಮೇಜಿನ ಮೇಲೆ ಹತ್ತು ನಿಮಿಷ ಮಲಗಿ ಬರುವುದಷ್ಟೇ. ನೋವಿಲ್ಲ, ಎಕ್ಸ್‌ರೇ ಪ್ರಮಾಣ ತೀರಾ ಕಡಿಮೆ. ವರದಿಯಲ್ಲಿ ನೋಡಬೇಕಾದ ಅಂಕಿ ಒಂದೇ, ಟಿ-ಸ್ಕೋರ್. ಮೂಳೆ ಗಟ್ಟಿಯಾಗಿರುವ ಯುವತಿಯ ಅಳತೆಯನ್ನು ಸೊನ್ನೆ ಎಂದಿಟ್ಟುಕೊಂಡು ನೀವು ಎಷ್ಟು ಕೆಳಗಿದ್ದೀರಿ ಎಂದು ಅದು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎಳೆದ ಗೆರೆಗಳು ಇಂದಿಗೂ ಬಳಕೆಯಲ್ಲಿವೆ. ಮೈನಸ್ 1ರವರೆಗೆ ಸರಿ, ಮೈನಸ್ 2.5 ಮುಟ್ಟಿದರೆ ಆಸ್ಟಿಯೊಪೊರೋಸಿಸ್, ನಡುವಿನದು ಸವೆತದ ಹಾದಿ. ಅಕ್ಕನ ಸೊಂಟದ ಹತ್ತಿರ ತೊಡೆಮೂಳೆಯ ಕತ್ತು ಮೈನಸ್ 1.9, ಬೆನ್ನು ಮೈನಸ್ 1.2.

ಬೆನ್ನಿನ ಅಂಕಿ ನೋಡಿ ನಾವು ಖುಷಿಪಟ್ಟೆವು. ಡಾಕ್ಟರು ಅಕ್ಕನ ಹಲ್ಲು ನೋಡಿದರು.

"ತವರು ಯಾವೂರಮ್ಮ?"

"ಪಾವಗಡದ ಕಡೆ ಸಾರ್."

"ಹಂಗಾದ್ರೆ ಈ ಬೆನ್ನಿನ ಲೆಕ್ಕನ ಪೂರ್ತಿ ನಂಬಬೇಡಿ."

> ಫ್ಲೋರೈಡ್ ಹೇಳುವ ಸುಳ್ಳು
>
> ಪಾವಗಡ, ಮಧುಗಿರಿ, ಶಿರಾ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹಳೆಯ ಸುದ್ದಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ವರ್ಷಗಟ್ಟಲೆ ಮೀರಿದ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣುತ್ತದೆ. ಕಾಣದ್ದು ಮೂಳೆಯೊಳಗೆ ಕೂತಿರುತ್ತದೆ.
>
> ಫ್ಲೋರೈಡ್ ಕೂತ ಮೂಳೆ ಸ್ಕ್ಯಾನಿನಲ್ಲಿ ದಟ್ಟವಾಗಿ ತೋರುತ್ತದೆ, ಆದರೆ ಪೆಡಸು. ಅಮೆರಿಕದಲ್ಲಿ ಒಮ್ಮೆ ಇದನ್ನೇ ಔಷಧವಾಗಿ ಕೊಟ್ಟು ನೋಡಿದರು. 1990ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ನಾಲ್ಕು ವರ್ಷಕ್ಕೆ ಬೆನ್ನುಮೂಳೆಯ ಸಾಂದ್ರತೆ ಸುಮಾರು 35 ಶೇಕಡಾ ಏರಿತು. ಬೆನ್ನುಮೂಳೆ ಮುರಿಯುವುದು ಮಾತ್ರ ತಗ್ಗಲಿಲ್ಲ, ಉಳಿದ ಮೂಳೆಗಳ ಮುರಿತ ಹೆಚ್ಚಾಯಿತು. ಆ ಸೀಮೆಯಲ್ಲಿ ಬೆಳೆದವರು ಸ್ಕ್ಯಾನಿಗೆ ಹೋದಾಗ ಊರಿನ ಹೆಸರನ್ನು ಡಾಕ್ಟರಿಗೆ ತಾವಾಗಿಯೇ ಹೇಳುವುದು ಒಳ್ಳೆಯದು.

ಡಾಕ್ಟರು ಕ್ಯಾಲ್ಸಿಯಂ, ವಿಟಮಿನ್ ಡಿ ಬರೆದರು. ರಾಗಿ ಮುದ್ದೆ ತಿನ್ನುತ್ತೀರಲ್ಲ, ಬಿಡಬೇಡಿ ಎಂದರು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರೈವತ್ತು ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ದಿನಕ್ಕೆ ಬೇಕಾದದ್ದರ ಮೂರನೇ ಒಂದು ಪಾಲು. ಮೂಳೆ ಇನ್ನೂ ಕೆಳಗಿದ್ದಿದ್ದರೆ ಮೂಳೆ ಉಳಿಸುವ ಔಷಧಿಯೂ ಬರುತ್ತಿತ್ತು. ಕೊನೆಗೆ, "ತೂಕ ಎತ್ತೋದು ಕಲಿಯಿರಿ" ಎಂದು ಫಿಸಿಯೋಥೆರಪಿ ಓದಿದ ಒಬ್ಬ ಹುಡುಗಿಯ ಬಳಿಗೆ ಕಳಿಸಿದರು.

"ವಾಕಿಂಗ್ ಮಾಡ್ತೀನಲ್ಲ ಸಾರ್, ದಿನಾ ನಾಕು ಕಿಲೋಮೀಟ್ರು" ಎಂದಳು ಅಕ್ಕ.

ಎಣಿಕೆ ಮರೆಯುವ ಮೂಳೆ

ಮೂಳೆ ಸತ್ತ ಕಂಬವಲ್ಲ. ಅದರೊಳಗೆ ಒಂದು ಬಗೆಯ ಕಣಗಳು ಹಳೆಯದನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಕರಗಿಸುವವುಗಳಿಗೆ ಲಗಾಮು ಹಾಕುವುದು ಈಸ್ಟ್ರೋಜೆನ್. ಮುಟ್ಟು ನಿಂತಾಗ ಆ ಲಗಾಮು ಸಡಿಲುತ್ತದೆ. ಮೊದಲ ಐದಾರು ವರ್ಷ ಸವೆತ ಅತಿ ಜೋರು, ವರ್ಷಕ್ಕೆ ಒಂದರಿಂದ ಎರಡು ಶೇಕಡಾ, ಕೆಲವರಿಗೆ ಇನ್ನೂ ಹೆಚ್ಚು. ನಮ್ಮ ಕಡೆ ಹೆಂಗಸರಿಗೆ ನಲವತ್ತಾರು, ನಲವತ್ತೇಳಕ್ಕೇ ಮುಟ್ಟು ನಿಲ್ಲುವುದು ಸಾಮಾನ್ಯ. ಹಾಗಾಗಿ ಐವತ್ತರ ಹೊತ್ತಿಗೆ ಒಳ್ಳೆಯ ಪಾಲು ಹೋಗಿರುತ್ತದೆ.

ಎಲ್ಲಿ ಕಟ್ಟಬೇಕು ಎಂದು ಕಟ್ಟುವ ಕಣಗಳಿಗೆ ಹೇಳುವವರು ಯಾರು? ಮೂಳೆ ಬಾಗಿದ ಪ್ರಮಾಣ. ಭಾರ ಬಿದ್ದಾಗ ಮೂಳೆ ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಕಡಿಮೆ ಬಾಗುತ್ತದೆ. ಒಳಗೆ ಹುದುಗಿರುವ ಕಣಗಳು ಆ ಬಾಗನ್ನು ಗುರುತಿಸುತ್ತವೆ. ಎಂದಿನಷ್ಟೇ ಬಾಗಿದರೆ ಸುಮ್ಮನಿರುತ್ತವೆ. ಎಂದಿಗಿಂತ ಹೆಚ್ಚು ಬಾಗಿದರೆ ಮಾತ್ರ ಗಾರೆಯವರಿಗೆ ಹೇಳಿಕಳಿಸುತ್ತವೆ.

ವಾಕಿಂಗ್ ಸೋಲುವುದು ಇಲ್ಲಿ. ನಲವತ್ತು ವರ್ಷದಿಂದ ನಡೆಯುತ್ತಿರುವ ಕಾಲಿಗೆ ಇನ್ನೂ ಎರಡು ಸಾವಿರ ಹೆಜ್ಜೆ ಹೊಸ ಸುದ್ದಿಯಲ್ಲ. ಸಕ್ಕರೆ ಕಾಯಿಲೆಗೆ, ಹೃದಯಕ್ಕೆ, ಅಕ್ಕಪಕ್ಕದವರ ವಿಷಯ ತಿಳಿಯುವುದಕ್ಕೆ ವಾಕಿಂಗಿನಂಥದು ಇನ್ನೊಂದಿಲ್ಲ. ಬೆನ್ನುಮೂಳೆಯ ಸಾಂದ್ರತೆಗೆ ಮಾತ್ರ ಅದರಿಂದ ಲೆಕ್ಕಕ್ಕೆ ಸಿಗುವಷ್ಟು ಲಾಭ ಕಂಡಿಲ್ಲ.

ಇನ್ನೊಂದು ವಿಚಿತ್ರವಿದೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗೊತ್ತಾದದ್ದು, ಒಂದೇ ಭಾರವನ್ನು ಮತ್ತೆ ಮತ್ತೆ ಕೊಟ್ಟರೆ ಕೆಲವು ಹತ್ತು ಸಲದ ನಂತರ ಮೂಳೆ ಕಿವುಡಾಗುತ್ತದೆ. ನೂರು ಸಲ ಕೊಟ್ಟರೂ ನಲವತ್ತು ಸಲ ಕೊಟ್ಟರೂ ಹೆಚ್ಚುಕಡಿಮೆ ಒಂದೇ. ಕೆಲವು ಗಂಟೆ ಬಿಟ್ಟು ಮತ್ತೆ ಕೊಟ್ಟರೆ ಕಿವಿ ತೆರೆದಿರುತ್ತದೆ. ಆದ್ದರಿಂದಲೇ ಸ್ವಲ್ಪ ಸಲ, ಭಾರ ಹೆಚ್ಚು, ನಡುವೆ ಬಿಡುವು.

ಇದನ್ನು ಹೆಂಗಸರ ಮೇಲೇ ಪರೀಕ್ಷಿಸಿ ನೋಡಿದ್ದು ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ಬೆಲಿಂಡಾ ಬೆಕ್ ಅವರ ತಂಡ. 2018ರಲ್ಲಿ ವೈದ್ಯ ಪತ್ರಿಕೆಯೊಂದರಲ್ಲಿ ಬಂದ ಆ ಪ್ರಯೋಗದ ಹೆಸರು ಲಿಫ್ಟ್‌ಮೋರ್. ಐವತ್ತೆಂಟು ದಾಟಿದ, ಮೂಳೆ ಸವೆದ 101 ಹೆಂಗಸರು. ಅರ್ಧ ಜನಕ್ಕೆ ಮನೆಯಲ್ಲಿ ಮಾಡುವ ಹಗುರ ವ್ಯಾಯಾಮ. ಉಳಿದ ಅರ್ಧಕ್ಕೆ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ಭಾರೀ ತೂಕ, ಪಕ್ಕದಲ್ಲೇ ನುರಿತವರು. ಡೆಡ್‌ಲಿಫ್ಟ್ ಎಂದರೆ ನೆಲದಿಂದ ಎತ್ತುವುದು, ಸ್ಕ್ವಾಟ್ ಎಂದರೆ ಭಾರ ಹೊತ್ತು ಕೂತೇಳುವುದು, ತಲೆಯ ಮೇಲಕ್ಕೆ ತಳ್ಳುವುದು, ಜೊತೆಗೆ ಸರಳು ಹಿಡಿದು ಜಿಗಿದು ದೊಪ್ಪನೆ ಇಳಿಯುವುದು. ತೂಕದ ಮೂರಕ್ಕೂ ಐದೈದು ಸಲದ ಐದು ಸೆಟ್.

ಎಂಟು ತಿಂಗಳ ಮೇಲೆ ಭಾರ ಎತ್ತಿದವರ ಬೆನ್ನಿನ ಸಾಂದ್ರತೆ 2.9 ಶೇಕಡಾ ಏರಿತ್ತು, ಹಗುರದವರದು 1.2 ಇಳಿದಿತ್ತು. ತೊಡೆಮೂಳೆಯ ಕತ್ತಿನಲ್ಲಿ ಇವರದು ನಿಂತಲ್ಲೇ ನಿಂತಿತ್ತು, ಅವರದು ಸುಮಾರು ಎರಡು ಶೇಕಡಾ ಕಳೆದಿತ್ತು. ಭಾರ ಎತ್ತಿದವರಲ್ಲಿ ಪೆಟ್ಟಾದದ್ದು ಒಬ್ಬರಿಗೆ, ಅದೂ ಸೊಂಟ ಹಿಡಿದುಕೊಂಡದ್ದು.

ಎಲ್ಲರೂ ಈ ಅಂಕಿಗಳನ್ನು ಹೇಳುತ್ತಾರೆ. ಮೊದಲ ತಿಂಗಳು ಆ ಹೆಂಗಸರು ಭಾರವನ್ನೇ ಎತ್ತಲಿಲ್ಲ ಎಂಬುದನ್ನು ಹೇಳುವವರು ಕಡಿಮೆ. ಮೈಭಾರ ಮತ್ತು ಹಗುರ ತೂಕದಲ್ಲಿ ಭಂಗಿ ಕಲಿತರು, ಅಷ್ಟೇ.

ಪೊರಕೆ ಕಡ್ಡಿಯ ಪಾಠ

ಅಕ್ಕನ ಮೊದಲ ತಿಂಗಳೂ ಹಾಗೇ ಹೋಯಿತು. ವಾರದಲ್ಲಿ ಯಾವ ಎರಡು ದಿನ ಎಂಬುದೇ ಮೊದಲ ಚರ್ಚೆ. ಹುಡುಗಿ ಮಂಗಳವಾರ, ಶುಕ್ರವಾರ ಎಂದಳು. "ಪೂಜೆ ದಿನ ಆಗಲ್ಲ ಕಣಮ್ಮ." ಸೋಮವಾರ, ಗುರುವಾರ ಎಂದಾಯಿತು. ನಡುವೆ ಎರಡು ದಿನ ಬಿಡುವಿದ್ದರೆ ಸಾಕು, ಯಾವ ವಾರವಾದರೇನು.

ಕಬ್ಬಿಣ ನೋಡುವ ಮೊದಲು ಜೇಡ ಬಲೆ ತೆಗೆಯುವ ಪೊರಕೆಯ ಉದ್ದ ಕೋಲನ್ನು ಅಕ್ಕನ ಬೆನ್ನಿಗೆ ಇಟ್ಟರು. ತಲೆಯ ಹಿಂಭಾಗ, ಭುಜಗಳ ನಡುವೆ, ಸೊಂಟದ ಕೆಳಗಿನ ಮೂಳೆ, ಈ ಮೂರು ಕಡೆ ಕೋಲು ತಾಗಿರಬೇಕು. ತಾಗಿದಂತೆಯೇ ಸೊಂಟ ಹಿಂದಕ್ಕೆ ತಳ್ಳಿ ಬಾಗಬೇಕು. ಮೊದಲ ದಿನ ಅಕ್ಕ ಬಾಗಿದ ತಕ್ಷಣ ಕೋಲು ಸೊಂಟ ಬಿಟ್ಟಿತು. ಬೆನ್ನು ಬಿಲ್ಲಾಗಿತ್ತು. ಆಶ್ಚರ್ಯವಿಲ್ಲ. ಮೋಟು ಪೊರಕೆಯಲ್ಲಿ ಗುಡಿಸಿ, ಬಗ್ಗಿ ರಂಗೋಲಿ ಹಾಕಿ, ಹೊಲದಲ್ಲಿ ಕಳೆ ಕಿತ್ತ ಬೆನ್ನು ಅದು. ಬಾಗುವುದೆಂದರೆ ಬೆನ್ನನ್ನೇ ಬಾಗಿಸುವುದು ಎಂದು ಐವತ್ತು ವರ್ಷ ಕಲಿತಿದೆ.

ಸವೆದ ಮೂಳೆಗೆ ಈ ಬಿಲ್ಲು ಯಾಕೆ ಕೇಡು? ಬೆನ್ನು ಬಿಲ್ಲಾದಾಗ ಕಶೇರುಕಗಳ ಮುಂಭಾಗದ ಮೇಲೆ ಭಾರವೆಲ್ಲ ಬೀಳುತ್ತದೆ. ಸವೆದ ಕಶೇರುಕ ಮುಂದುಗಡೆ ಕುಸಿದು ಬೆಣೆಯಾಕಾರಕ್ಕೆ ಬರುವುದು ಹೀಗೇ. ಅಜ್ಜಿಯರ ಗೂನು ಬಹುಪಾಲು ಇದೇ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮೆಹರ್‌ಶೀದ್ ಸಿನಾಕಿ ಎಂಬ ವೈದ್ಯೆ ಬೆನ್ನುಮೂಳೆ ಸವೆದ ಹೆಂಗಸರನ್ನು ಗುಂಪು ಮಾಡಿ ನೋಡಿದ್ದರು. 1984ರ ಆ ವರದಿಯಲ್ಲಿ, ಮುಂದೆ ಬಾಗುವ ವ್ಯಾಯಾಮ ಮಾಡಿದವರ ಪೈಕಿ 89 ಶೇಕಡಾ ಮಂದಿಗೆ ಬೆನ್ನುಮೂಳೆ ಹೊಸದಾಗಿ ಕುಸಿದಿತ್ತು, ಬೆನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ 16. ಗುಂಪುಗಳು ಸಣ್ಣವು, ಅಂಕಿಯನ್ನು ಕಲ್ಲಿನ ಮೇಲೆ ಕೆತ್ತಬೇಕಿಲ್ಲ. ಆದರೂ ಟಿ-ಸ್ಕೋರ್ ಕೆಳಗಿರುವವರು ಯೋಗದ ತರಗತಿಯಲ್ಲಿ ಪಶ್ಚಿಮೋತ್ತಾನಾಸನ ಬಂದಾಗ, ಹೊಟ್ಟೆ ಕರಗಿಸಲು ಮಲಗಿ ಏಳುವ ಕಸರತ್ತು ಬಂದಾಗ ಸುಮ್ಮನೆ ಕೂತುಬಿಡುವುದು ವಾಸಿ ಎಂದು ನನ್ನ ಅಭಿಪ್ರಾಯ.

ಕೋಲು ಮೂರೂ ಕಡೆ ತಾಗಲು ಅಕ್ಕನಿಗೆ ಐದು ಪಾಠ ಬೇಕಾಯಿತು. ಆಮೇಲೆ ಕೈಗೆ ಬಂದದ್ದು ಬಟ್ಟೆಚೀಲದಲ್ಲಿ ಐದು ಕೆಜಿ ಅಕ್ಕಿ. ಅದನ್ನು ನೆಲದಿಂದಲ್ಲ, ಸ್ಟೂಲಿನ ಮೇಲಿಂದ ಎತ್ತಿದಳು. ನೆಲದಷ್ಟು ಕೆಳಗೆ ಹೋದರೆ ಬೆನ್ನು ಬಿಲ್ಲಾಗುತ್ತಿತ್ತು. ಬಿಲ್ಲಾಗದ ಎತ್ತರವೇ ಅವಳ ಎತ್ತರ. ಪೋರ್ಟಿಕೋದಲ್ಲಿ ಇಂದಿಗೂ ರಾಡ್ ಇಟ್ಟಿಗೆ ಮೇಲೆ ಕೂತಿರುವುದು ಅದಕ್ಕೇ.

ಜೊತೆಗೆ ಕುರ್ಚಿಯಿಂದ ಎದ್ದು ಕೂರುವುದು. ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿದ್ದರು, ತಿಂಗಳಿಗೊಂದು ದಿಂಬು ತೆಗೆದರು. ದಿಂಬು ಮುಗಿದ ಮೇಲೆ ಎದೆಗೆ ಅಕ್ಕಿಚೀಲ ಅಪ್ಪಿಕೊಂಡು ಏಳುವುದು. ಮೂರನೆಯದು ತಲೆಯ ಮೇಲಕ್ಕೆ ತಳ್ಳುವುದು, ಮೊದಲು ಬರಿಯ ಕೋಲು, ಆಮೇಲೆ ಎರಡೆರಡು ಕೆಜಿ ಡಂಬೆಲ್.

ಎರಡನೇ ತಿಂಗಳಿನಿಂದ ಹತ್ತು ಸಲದ ಎರಡು ಸೆಟ್, ಎತ್ತುವುದು ಹತ್ತು ಕೆಜಿ. ಮೂರನೇ ತಿಂಗಳ ಕೊನೆಗೆ ಎಂಟು ಸಲದ ಮೂರು ಸೆಟ್, ಹದಿನೆಂಟು ಕೆಜಿ. ನಾಲ್ಕನೆಯದರಿಂದ ರಾಡ್ ಬಂತು, ಐದು ಸಲದ ಸೆಟ್‌ಗಳಿಗೆ ಇಳಿದರು, ಮೊದಲು ಮೂರು, ಆಮೇಲೆ ಐದು. ಏರಿಸುವುದು ಒಂದು ಸಲಕ್ಕೆ ಎರಡೂವರೆ ಕೆಜಿ ಮಾತ್ರ, ಬದಿಗೊಂದು ಒಂದೂಕಾಲು ಕೆಜಿಯ ತಟ್ಟೆ.

ಯಾವಾಗ ಏರಿಸಬೇಕು? ಹುಡುಗಿಯ ಪ್ರಶ್ನೆ ಪ್ರತಿ ಸೆಟ್ಟಿಗೂ ಒಂದೇ. "ಆಂಟಿ, ಇನ್ನೆಷ್ಟು ಸಲ ಎತ್ತಬಹುದಿತ್ತು?" ಐದಾರು ಎಂದರೆ ಭಾರ ಹಗುರವಾಗಿದೆ. ಒಂದೂ ಇಲ್ಲ ಎಂದರೆ ಮಿತಿ ಮೀರಿದೆ. ಎರಡು ಎಂದರೆ ಹದ. ಅಕ್ಕ ಮೊದಮೊದಲು ದಾಕ್ಷಿಣ್ಯಕ್ಕೆ "ಎರಡು" ಎನ್ನುತ್ತಿದ್ದಳಂತೆ. ಒಂದು ದಿನ ಹುಡುಗಿ ಹೇಳದೆಯೇ ಎತ್ತಿಸಿ ನೋಡಿದಳು, ಒಂಬತ್ತು ಬಂತು. ಆ ವಾರ ಐದು ಕೆಜಿ ಒಟ್ಟಿಗೇ ಏರಿತು. ಹೆಂಗಸರು ಭಾರವನ್ನು ಹೆಚ್ಚು ಎತ್ತಿ ಕೆಡುವುದಕ್ಕಿಂತ ತಿಂಗಳುಗಟ್ಟಲೆ ಅದೇ ಎರಡು ಕೆಜಿ ಗುಲಾಬಿ ಬಣ್ಣದ ಡಂಬೆಲ್ ಹಿಡಿದು ನಿಂತಲ್ಲೇ ನಿಲ್ಲುವುದೇ ಹೆಚ್ಚು.

ಮಂಡಿ ಊದಿದ ವಾರ

ಅಕ್ಕನ ಎಡಮಂಡಿ ಹತ್ತು ವರ್ಷದ ಹಳೆಯ ಗೆಳತಿ. ಮೆಟ್ಟಿಲು ಇಳಿಯುವಾಗ ಮಂಡಿಚಿಪ್ಪಿನ ಸುತ್ತ ನೋವು, ಕೂತು ಏಳುವಾಗ ಕಟಕಟ ಸದ್ದು. ಸದ್ದಿಗೆ ಹೆದರಬೇಕಿಲ್ಲ, ನೋವು ಮತ್ತು ಊತ ಬೇರೆ ಮಾತು. ಕಾರ್ಯಕ್ರಮ ಶುರುವಾದ ಆರನೇ ವಾರ ಆ ಮಂಡಿ ಊದಿತು.

ಭಾರವೇ ಕಾರಣ ಎಂದು ಮನೆಯಲ್ಲಿ ತೀರ್ಪಾಯಿತು. ಹುಡುಗಿ ವಾರದ ವಿಚಾರಣೆ ಮಾಡಿದಳು. ಭಾನುವಾರ ಗುಬ್ಬಿಯಲ್ಲಿ ನೆಂಟರ ಗೃಹಪ್ರವೇಶ, ದಿನವಿಡೀ ಮೆಟ್ಟಿಲು ಹತ್ತಿ ಇಳಿದದ್ದು, ಊಟ ಬಡಿಸಿದ್ದು. ಸೋಮವಾರ ಬೆಳಗ್ಗೆ ಆಗಲೇ ದಣಿದಿದ್ದ ಮಂಡಿಯ ಮೇಲೆ ಕುರ್ಚಿ ಪಾಠ, ಅದೂ ಉತ್ಸಾಹಕ್ಕೆ ಒಂದು ಸೆಟ್ ಹೆಚ್ಚು. ಮಂಡಿಗೆ ಗೊತ್ತಾಗುವುದು ವಾರದ ಒಟ್ಟು ಲೆಕ್ಕ. ಅದರಲ್ಲಿ ವ್ಯಾಯಾಮ ಯಾವುದು, ಗೃಹಪ್ರವೇಶ ಯಾವುದು ಎಂಬ ಭೇದ ಅದಕ್ಕಿಲ್ಲ.

ಆವತ್ತು ಅಕ್ಕನ ನೋಟ್‌ಬುಕ್ಕಿನಲ್ಲಿ ಒಂದು ನಿಯಮ ಬರೆಸಿದರು. ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಬೇಕು. ಮಾಡುವಾಗ ಮೂರು, ನಾಲ್ಕರವರೆಗೆ ಇದ್ದರೆ ಮುಂದುವರಿಸಬಹುದು. ಆದರೆ ಮಾರನೆಯ ಬೆಳಗ್ಗೆಯ ಹೊತ್ತಿಗೆ ಎಂದಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ, ಅಥವಾ ಊದಿಕೊಂಡರೆ, ಮುಂದಿನ ಸಲ ಮೂರನೇ ಒಂದು ಪಾಲು ಕಡಿಮೆ ಮಾಡಬೇಕು. ಪೂರ್ತಿ ಬಿಡಬಾರದು. ನೋವೇ ಇರಬಾರದು ಎಂದು ಕಾದರೆ ಸವೆದ ಮಂಡಿಯವರು ಎಂದೂ ಶುರುಮಾಡಲಾರರು. ನೋವು ತಿಂದಾದರೂ ಮಾಡುತ್ತೇನೆ ಎಂದರೆ ಮೂರು ವಾರಕ್ಕೆ ಮೂಲೆ ಸೇರುತ್ತಾರೆ.

ಆ ವಾರ ಬದಲಿಸಿದ್ದು ಮೂರು ಸಂಗತಿ. ಕುರ್ಚಿಗೆ ದಿಂಬು ವಾಪಸ್ ಬಂತು. ಮೆಟ್ಟಿಲು ಹತ್ತುವ ವ್ಯಾಯಾಮದ ಎತ್ತರ ಅರ್ಧಕ್ಕಿಳಿಯಿತು. ಗೋಡೆಗೆ ಬೆನ್ನು ಒರಗಿಸಿ, ಅರೆಬರೆ ಕೂತ ಭಂಗಿಯಲ್ಲಿ ಮೂವತ್ತು ಸೆಕೆಂಡು ಅಲುಗದೆ ನಿಲ್ಲುವುದು ಸೇರಿತು. ಮಂಡಿ ಅಲುಗದಿದ್ದರೂ ತೊಡೆಯ ಸ್ನಾಯುವಿಗೆ ಕೆಲಸ ಸಿಗುತ್ತದೆ, ನೋವೂ ಕಡಿಮೆ.

ಎತ್ತುವ ಭಾರ ಮಾತ್ರ ಹಾಗೇ ಉಳಿಯಿತು. ಸೊಂಟದಿಂದ ಬಾಗಿ ಎತ್ತುವಾಗ ಮೊಣಕಾಲ ಕೆಳಗಿನ ಭಾಗ ನೆಟ್ಟಗೇ ಇರುತ್ತದೆ, ಮಂಡಿ ಸ್ವಲ್ಪವೇ ಮಡಿಯುತ್ತದೆ. ಕೆಲಸವೆಲ್ಲ ಪೃಷ್ಠ ಮತ್ತು ತೊಡೆಯ ಹಿಂಭಾಗದ್ದು. ಮಂಡಿ ನೋವಿನವರಿಗೆ ಈ ಎತ್ತುವಿಕೆ ಸಾಮಾನ್ಯವಾಗಿ ಕೂತೇಳುವುದಕ್ಕಿಂತ ಸಲೀಸು. ಹತ್ತು ದಿನಕ್ಕೆ ಊತ ಇಳಿಯಿತು. ಈಗ ಮೆಟ್ಟಿಲಿಳಿಯುವಾಗ ನೋವಿನ ಅಂಕ ನಾಲ್ಕಿದ್ದದ್ದು ಒಂದು, ಎರಡಕ್ಕೆ ಬಂದಿದೆ. ಎಕ್ಸ್‌ರೇಯಲ್ಲಿ ಸವೆತ ಇದ್ದ ಹಾಗೇ ಇದೆ. ತೊಡೆ ಬಲಿತು ಭಾರ ಹಂಚಿಕೊಂಡಿದೆ, ಅಷ್ಟೇ.

> ಯಾರು ಮೊದಲು ಡಾಕ್ಟರನ್ನು ಕೇಳಬೇಕು
>
> ಟಿ-ಸ್ಕೋರ್ ಮೈನಸ್ 2.5ಕ್ಕಿಂತ ಕೆಳಗಿರುವವರು, ಎರಡು ಮೂರು ಸೆಂಟಿಮೀಟರಿಗಿಂತ ಹೆಚ್ಚು ಕುಳ್ಳಾಗಿರುವವರು, ಇದ್ದಕ್ಕಿದ್ದಂತೆ ಬೆನ್ನಿನ ಒಂದೇ ಜಾಗದಲ್ಲಿ ನೋವು ಶುರುವಾದವರು ಒಂಟಿಯಾಗಿ ಭಾರ ಮುಟ್ಟಬಾರದು. ಗೊತ್ತಾಗದೆಯೇ ಕಶೇರುಕ ಕುಸಿದಿರಬಹುದು. ಇಂಥವರಿಗೆ ಔಷಧಿ ಮೊದಲು, ವ್ಯಾಯಾಮ ಜೊತೆಗೆ. ಬಿಪಿ ಹತೋಟಿಯಲ್ಲಿಲ್ಲದವರೂ ಅಷ್ಟೆ: ಉಸಿರು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ಆ ಕ್ಷಣಕ್ಕೆ ಬಹಳ ಏರುತ್ತದೆ.

ಗೇಟಿನಾಚೆಯ ಪ್ರಶ್ನೆ

ಈಗ ಎದುರು ಮನೆಯ ಅಮ್ಮನ ಮಾತಿಗೆ ಬರೋಣ. ಹೆರಿಗೆಗಳಾದ ಹೆಂಗಸರಲ್ಲಿ ಗರ್ಭಕೋಶವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳು ಸಡಿಲವಾಗಿರುತ್ತವೆ. ಉಸಿರು ಕಟ್ಟಿ, ಮುಕ್ಕಿರಿದು ಎತ್ತಿದರೆ ಹೊಟ್ಟೆಯೊಳಗಿನ ಒತ್ತಡವೆಲ್ಲ ಕೆಳಕ್ಕೆ ದೂಡುತ್ತದೆ. ಈಗಾಗಲೇ ಜಾರಿದ್ದರೆ ಇನ್ನಷ್ಟು ಜಾರಬಹುದು. ಅಮ್ಮನ ಭಯಕ್ಕೆ ಬುಡವಿದೆ. ಆದರೆ ಅದೇ ಅಮ್ಮ ದಿನಾ ಉಸಿರು ಕಟ್ಟಿಯೇ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಎತ್ತುತ್ತಾರೆ ಎಂಬುದು ಬೇರೆ.

ಅಕ್ಕನಿಗೆ ಕಲಿಸಿದ್ದು ಇದು. ಎತ್ತುವ ಮೊದಲು ಮೂತ್ರ ತಡೆದು ಹಿಡಿಯುವವರಂತೆ ಕೆಳಗಿನ ಸ್ನಾಯು ಮೇಲಕ್ಕೆಳೆದುಕೊಳ್ಳುವುದು, ಏಳುವಾಗ ಬಾಯಲ್ಲಿ ಉಸಿರು ಬಿಡುವುದು. ಕೆಳಗೆ ಏನೋ ಇಳಿದಂತೆ, ಭಾರವಾದಂತೆ ಅನ್ನಿಸಿದರೆ, ಹನಿ ಮೂತ್ರ ಜಾರಿದರೆ ಅವತ್ತಿನ ಭಾರ ಹೆಚ್ಚು ಎಂದರ್ಥ. ಹಾಗೆ ಆದದ್ದನ್ನು ನಾಚಿಕೆಯಿಂದ ಮುಚ್ಚಿಟ್ಟರೆ ಕಾರ್ಯಕ್ರಮವೇ ಕೆಡುತ್ತದೆ.

ಅಕ್ಕನಿಗೆ ಹಾಗಾದದ್ದು ಎತ್ತುವಾಗ ಅಲ್ಲ, ಕುಪ್ಪಳಿಸುವಾಗ. ಆಸ್ಟ್ರೇಲಿಯಾದವರಂತೆ ಜಿಗಿದು ಇಳಿಯುವ ಪಾಠ ಅವಳಿಗೆ ಒಂದೇ ವಾರಕ್ಕೆ ನಿಂತಿತು. ಬದಲಿಗೆ ಅಡುಗೆಕಟ್ಟೆ ಹಿಡಿದು ಬೆರಳ ತುದಿಯ ಮೇಲೆ ನಿಂತು ಹಿಮ್ಮಡಿಯನ್ನು ಧಡ್ ಎಂದು ನೆಲಕ್ಕೆ ಬಿಡುವುದು, ಹತ್ತು ಸಲ. ಜಿಗಿತದಷ್ಟು ಪೆಟ್ಟು ಅದರಲ್ಲಿಲ್ಲ. ಆದರೆ ಮಂಡಿ, ಮೂತ್ರಕೋಶ ಎರಡೂ ಒಪ್ಪಿದ್ದು ಅಷ್ಟನ್ನೇ.

ಹಾಲು ಕಾಯುವ ತನಕ

ಮೂಳೆ ಎಷ್ಟೇ ಗಟ್ಟಿಯಿರಲಿ, ಸೊಂಟ ಮುರಿಯುವುದು ಬಹುಪಾಲು ಬಿದ್ದಾಗ. ಬೀಳದಿರುವುದನ್ನು ಕಲಿಯಲು ವಾರಕ್ಕೆರಡು ದಿನ ಸಾಲದು, ಅದು ದಿನದ ಪಾಠ. ನ್ಯೂಜಿಲೆಂಡ್‌ನ ಒಟಾಗೊದಲ್ಲಿ 1990ರ ದಶಕದಲ್ಲಿ ವಯಸ್ಸಾದವರಿಗಾಗಿ ಕಟ್ಟಿದ ಒಂದು ಕ್ರಮವಿದೆ. ಕಾಲಿನ ಬಲ ಮತ್ತು ಸಮತೋಲ ಎರಡನ್ನೂ ಮನೆಯಲ್ಲೇ ಕಲಿಸುವಂಥದು. ಬೀಳುವ ಪ್ರಕರಣಗಳನ್ನು ಅದು ಮೂರನೇ ಒಂದು ಪಾಲಿನಷ್ಟು ತಗ್ಗಿಸಿತು.

ಅಕ್ಕನ ಸಮತೋಲದ ತರಗತಿ ಗ್ಯಾಸ್ ಒಲೆಯ ಮುಂದೆ ನಡೆಯುತ್ತದೆ. ಹಾಲಿಟ್ಟು ಒಂಟಿಕಾಲಲ್ಲಿ ನಿಲ್ಲುತ್ತಾಳೆ, ಬೆರಳುಗಳು ಕಟ್ಟೆಯ ಹತ್ತಿರವೇ, ಮುಟ್ಟದೆ. ಮೊದಲ ದಿನ ಬಲಗಾಲಿನಲ್ಲಿ ಹದಿನಾಲ್ಕು ಸೆಕೆಂಡು, ಎಡಗಾಲಿನಲ್ಲಿ ಆರು. ನಿಲ್ಲುವುದು ಸುಲಭವಾದಾಗ ತಲೆಯನ್ನು ಆಚೀಚೆ ತಿರುಗಿಸುತ್ತಾ ನಿಲ್ಲುವುದು. ಅದೂ ಸುಲಭವಾದಾಗ ಮಡಿಸಿದ ಚಾಪೆಯ ಮೇಲೆ. ಪಾದ ತೂರಾಡದಿದ್ದರೆ ಕಲಿಕೆ ನಡೆಯುತ್ತಿಲ್ಲ ಎಂದೇ ಲೆಕ್ಕ. ಆಮೇಲೆ ಹಜಾರದ ಟೈಲ್ಸಿನ ಗೆರೆ ಹಿಡಿದು ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ಮುಂದೆ, ಹತ್ತು ಹಿಂದೆ. ಹಿಂದಕ್ಕೆ ನಡೆಯುವುದು ಮುಖ್ಯ. ಅವಳು ಅಂಗಳದಲ್ಲಿ ಬಿದ್ದದ್ದು ತಿರುಗುವಾಗ, ಹಿಂದಕ್ಕೆ ಹೆಜ್ಜೆ ಇಡುವಾಗ.

> ಮನೆಯಲ್ಲೇ ಎರಡು ಪರೀಕ್ಷೆ
>
> ಕೈ ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ? ಅರವತ್ತರ ಆರಂಭದ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಬಲ ಸಾಲದು. ಐವತ್ತರವರು ಅದಕ್ಕಿಂತ ಮೇಲಿರಬೇಕು.
>
> ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು? 12 ಸೆಕೆಂಡು ಹಿಡಿದರೆ ಬೀಳುವ ಅಪಾಯವಿದೆ.

ಎರಡನೇ ಸ್ಕ್ಯಾನು

ಮೊದಲ ಸ್ಕ್ಯಾನಾಗಿ ಹದಿನಾಲ್ಕು ತಿಂಗಳಿಗೆ ಎರಡನೆಯದು. ಮೂಳೆ ಕರಗಿ ಕಟ್ಟುವ ಒಂದು ಸುತ್ತಿಗೇ ನಾಲ್ಕಾರು ತಿಂಗಳು ಬೇಕು, ಅದಕ್ಕಿಂತ ಬೇಗ ಹೋದರೆ ದುಡ್ಡು ದಂಡ. ಅದೇ ಯಂತ್ರದಲ್ಲಿ ಮಾಡಿಸಬೇಕು. ಬೇರೆ ಯಂತ್ರದ ಅಂಕಿಯನ್ನು ಇದರ ಜೊತೆ ಇಟ್ಟು ನೋಡಲಾಗದು.

ಕುರ್ಚಿ ಪರೀಕ್ಷೆಯಲ್ಲಿ ಹತ್ತಿದ್ದದ್ದು ಹದಿನಾರಾಗಿತ್ತು. ಎಡಗಾಲಿನ ಆರು ಸೆಕೆಂಡು ಇಪ್ಪತ್ತೈದಾಗಿತ್ತು. ತೊಡೆಮೂಳೆಯ ಕತ್ತಿನ ಸಾಂದ್ರತೆ ಏರಿದ್ದು ಶೇಕಡಾ ಒಂದಕ್ಕಿಂತ ತುಸು ಹೆಚ್ಚು.

"ಅಷ್ಟೇನಾ?" ಎಂದಳು ಅಕ್ಕ. ಮುಖ ಬಾಡಿತ್ತು.

ಡಾಕ್ಟರು ಬಣ್ಣ ಹಚ್ಚಲಿಲ್ಲ. ಅದೇ ದಿನ ಮೇಜಿನಿಂದ ಇಳಿಸಿ ಮತ್ತೆ ಮಲಗಿಸಿದರೂ ಯಂತ್ರ ಒಂದೆರಡು ಶೇಕಡಾ ಆಚೀಚೆ ತೋರಬಹುದು. ಹಾಗಾಗಿ ಇದನ್ನು ಏರಿಕೆ ಎನ್ನಲು ಬರುವುದಿಲ್ಲ. "ಇಳಿದಿಲ್ಲ ಅಂತ ಬರ್ಕೊಳ್ಳಿ. ನಿಮ್ಮ ವಯಸ್ಸಿಗೆ ಇಳೀಬೇಕಿತ್ತು." ಬೆನ್ನಿನ ಅಂಕಿಯ ಬಗ್ಗೆ, ಪಾವಗಡದ ನೀರಿನ ಲೆಕ್ಕದಲ್ಲಿ, ಏನೂ ಹೇಳಲಿಲ್ಲ. ಭಾರ ಎತ್ತುವುದರಿಂದ ಪೆಡಸು ಹೋಗುವುದಿಲ್ಲ, ಆದರೆ ಪೆಡಸು ಮೂಳೆಯವಳು ಬೀಳದಂತೆ ಕಾಲು ಗಟ್ಟಿಯಾಗಿದೆಯಲ್ಲ ಎಂದರು.

ಈ ದಸರೆಗೆ ಮನೆ ತುಂಬ ನೆಂಟರು. ಅಕ್ಕ ಎರಡು ವಾರ ರಾಡ್ ಮುಟ್ಟಲಿಲ್ಲ. ಮತ್ತೆ ನಲವತ್ತಕ್ಕೇ ಕೈಹಾಕಲು ಹೋದವಳನ್ನು ಹುಡುಗಿ ಫೋನಿನಲ್ಲೇ ತಡೆದಳು. ಸ್ನಾಯು, ಕೀಲುಗಳ ಕಟ್ಟು ಎರಡೂ ವಿರಾಮದ ನಂತರ ಒಂದೆರಡು ಮೆಟ್ಟಿಲು ಕೆಳಗಿನಿಂದ ಶುರುವಾಗಬೇಕು. ಮೊನ್ನೆ ಗುರುವಾರದ ಪುಟದಲ್ಲಿ ಅಕ್ಕನ ದುಂಡು ಅಕ್ಷರದಲ್ಲಿ ಹೀಗಿದೆ: 32.5 ಕೆಜಿ, 5 ಸಲ, 3 ಸೆಟ್. ಮಂಡಿ 2. ಶುಕ್ರವಾರ ಬೆಳಗ್ಗೆ ಮಂಡಿ 1. ಇನ್ನೂ ನಾಲ್ಕು ಎತ್ತಬಹುದಿತ್ತು. ಸೋಮವಾರ 35.